ಗೋಡೆಯಿಂದ ಬಿಳಿ ಉಪ್ಪು ಏಳುತ್ತಿದೆಯಾ? ಬಣ್ಣದ ಡಬ್ಬಿ ತೆರೆಯುವ ಮೊದಲು ಇದನ್ನು ನೋಡಿ

ಎರಡು ವರ್ಷದ ಹಿಂದೆ, ನವೆಂಬರಿನಲ್ಲಿ, ಕಟಪಾಡಿಯಿಂದ ಅಕ್ಕ ಫೋನ್ ಮಾಡಿದಳು. "ಎಂತ ಮಾರಾಯ ಇದು? ಏಪ್ರಿಲ್‌ನಲ್ಲಿ ಬಣ್ಣ ಹೊಡೆಸಿದ್ದು. ಈಗ ಹಾಲ್‌ನ ಗೋಡೆ ಹಪ್ಪಳದ ಹಾಗೆ ಉಬ್ಬಿದೆ. ಒಳಗಿಂದ ಬಿಳಿ ಹುಡಿ ಬೀಳ್ತಾ ಉಂಟು."

ನಾನು ಉಡುಪಿಯಲ್ಲಿ ಮನೆ ಕಟ್ಟುವ ಕೆಲಸದ ಮೇಲ್ವಿಚಾರಣೆ ಮಾಡುವವನು. ಈ ದೂರು ವರ್ಷಕ್ಕೆ ಹತ್ತಾರು ಸಲ ಕೇಳುತ್ತೇನೆ. ಹೆಚ್ಚಿನವರು ಬಣ್ಣದವರನ್ನು ಕರೆಸುತ್ತಾರೆ, ಅವರು ಕೆರೆದು, ಪುಟ್ಟಿ ಹಾಕಿ, ಇನ್ನೂ ದುಬಾರಿಯ ಬಣ್ಣ ಹೊಡೆದು ಹೋಗುತ್ತಾರೆ. ಮುಂದಿನ ನವೆಂಬರಿಗೆ ಪುನಃ ಅದೇ ಕಥೆ. ಅಕ್ಕನ ಗೋಡೆಯನ್ನು ಮೊದಲಿಂದ ಕೊನೆಯವರೆಗೆ ನಾನೇ ನಿಂತು ಸರಿ ಮಾಡಿಸಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು, ಅದು ಉಪ್ಪೇ ಹೌದಾ?

ಅಕ್ಕನ ಹಾಲ್‌ನ ಪಶ್ಚಿಮದ ಗೋಡೆಯಲ್ಲಿ ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದವರೆಗೆ ಬಣ್ಣ ಗುಳ್ಳೆ ಎದ್ದಿತ್ತು. ಒಂದು ಗುಳ್ಳೆಯನ್ನು ಹೆಬ್ಬೆರಳಲ್ಲಿ ಒತ್ತಿದೆ. ಮೊಟ್ಟೆಯ ಚಿಪ್ಪಿನ ಹಾಗೆ ಒಡೆಯಿತು. ಒಳಗೆ ಸಣ್ಣ ಸಣ್ಣ ಬಿಳಿ ಎಳೆಗಳು ಗಾರೆಯಿಂದ ಹೊರಗೆ ಮುಖ ಮಾಡಿ ನಿಂತಿದ್ದವು, ಹತ್ತಿಯ ನಾರು ನಿಂತ ಹಾಗೆ. ಕೈ ತಾಗಿದ ಕೂಡಲೇ ಹುಡಿಯಾಗಿ ನೆಲದ ಟೈಲ್ಸ್ ಮೇಲೆ ಬಿತ್ತು.

ಬಿಳಿಯಾಗಿ ಕಂಡದ್ದೆಲ್ಲ ಉಪ್ಪಲ್ಲ. ಗೋಡೆಯ ಬೂಷ್ಟು ಕೂಡ ಬಿಳಿ ಇರಬಹುದು. ಹಳೆಯ ಡಿಸ್ಟೆಂಪರ್ ಕೂಡ ಸುಮ್ನೆ ಕೈಗೆ ಹತ್ತುತ್ತದೆ. ತಿಳಿಯಲು ಒಂದು ತಟ್ಟೆ ಸಾಕು. ಹುಡಿಯನ್ನು ತಟ್ಟೆಗೆ ಉದುರಿಸಿ ನಾಲ್ಕು ಹನಿ ನೀರು ಹಾಕಿ. ಕರಗಿ ಹೋದರೆ ಉಪ್ಪು. ಬೂಷ್ಟು ಕರಗುವುದಿಲ್ಲ, ಮುದ್ದೆಯಾಗಿ ತೇಲುತ್ತದೆ, ಅದಕ್ಕೆ ಮುಗ್ಗಲು ವಾಸನೆಯೂ ಇರುತ್ತದೆ. ನೀರಿಗೆ ಕರಗದೆ, ವಿನೆಗರ್ ಹಾಕಿದಾಗ ನೊರೆ ಬಂದರೆ ಅದು ಸುಣ್ಣದ ಅಂಶ. ಈ ಪರೀಕ್ಷೆಯನ್ನು ಗೋಡೆಯ ಮೇಲೆಯೇ ಮಾಡಬೇಡಿ, ಗಾರೆಯಲ್ಲಿರುವ ಸುಣ್ಣವೂ ನೊರೆ ಕೊಟ್ಟು ದಾರಿ ತಪ್ಪಿಸುತ್ತದೆ. ನಾಲಿಗೆಗೆ ಇಟ್ಟು ನೋಡುವವರಿದ್ದಾರೆ. ಅದು ಬೇಡ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು.

ಅಕ್ಕನ ಮನೆಯ ಹುಡಿ ಎರಡು ನಿಮಿಷದಲ್ಲಿ ಕರಗಿತು.

ಉಪ್ಪು ಎಲ್ಲಿಂದ ಬಂತು, ಯಾಕೆ ಈಗಲೇ ಬಂತು

ಉಪ್ಪು ತಾನಾಗಿ ನಡೆದು ಬರುವುದಿಲ್ಲ. ನೀರು ಅದನ್ನು ಹೊತ್ತು ತರುತ್ತದೆ. ನಮ್ಮ ಕಡೆಯ ಕೆಂಪು ಕಲ್ಲು, ಅಂದರೆ ಮುರಕಲ್ಲು, ತೂತು ತೂತಿನದು. ಬುಡದಲ್ಲಿ ನೀರಿದ್ದರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳೆಯುತ್ತದೆ. ಆ ನೀರಿನಲ್ಲಿ ಮಣ್ಣಿನ ಉಪ್ಪು, ಸಿಮೆಂಟಿನ ಉಪ್ಪು, ಗಾರೆಗೆ ಹಾಕಿದ ಹೊಯಿಗೆಯ, ಅಂದರೆ ಮರಳಿನ, ಉಪ್ಪು ಎಲ್ಲ ಕರಗಿರುತ್ತದೆ. ಅಳಿವೆಯ ಹತ್ತಿರ ತೆಗೆದ ಹೊಯಿಗೆಯಾದರೆ ಹೇಳುವುದೇ ಬೇಡ, ಸಮುದ್ರದ ಉಬ್ಬರದ ನೀರು ಅಲ್ಲಿಯವರೆಗೆ ಬಂದಿರುತ್ತದೆ. ಕಡಲ ಬದಿಯ ಬಾವಿಯ ಸ್ವಲ್ಪ ಉಪ್ಪಾದ ನೀರಿನಲ್ಲಿ ಗಾರೆ ಕಲಸಿದರೂ ಅಷ್ಟೇ.

ಗೋಡೆಯ ಮುಖದಲ್ಲಿ ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ಹರಳು ಕಟ್ಟುತ್ತದೆ. ಹರಳು ಬೆಳೆಯುವಾಗ ಜಾಗ ಬೇಕಲ್ವಾ? ಅದು ಬಣ್ಣವನ್ನು ದೂಡುತ್ತದೆ. ಪ್ಲಾಸ್ಟಿಕ್ ಬಣ್ಣದ ಪದರ ಗಟ್ಟಿ ಇದ್ದಷ್ಟೂ ಗುಳ್ಳೆ ದೊಡ್ಡದು.

ಸಮಯದ ವಿಷಯ ಬಹಳ ಮುಖ್ಯ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಭರಣಿಯ ಕಲ್ಲುಪ್ಪು ನೀರು ಬಿಡುವುದನ್ನು ನೋಡಿದ್ದೀರಿ. ಯಾರೂ ಅದಕ್ಕೆ ನೀರು ಹಾಕಿರುವುದಿಲ್ಲ. ಗಾಳಿಯ ತೇವ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಗಾಳಿ ಅದಕ್ಕಿಂತ ಜಾಸ್ತಿ ತೇವ ಇರುತ್ತದೆ. ಗೋಡೆಯೊಳಗಿನ ಉಪ್ಪೂ ಹಾಗೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಗಿ ಗೋಡೆಯಲ್ಲಿ ಕಪ್ಪು ತೇವದ ಕಲೆಯಾಗಿ ಕೂತಿರುತ್ತದೆ. ಮಳೆ ಬಿಟ್ಟು ಒಣ ಗಾಳಿ ಶುರುವಾದಾಗ ಹರಳಾಗಿ ಹೊರಗೆ ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಒದ್ದೆ, ಚಳಿಗಾಲದಲ್ಲಿ ಹುಡಿ ಅಂದರೆ ಎರಡು ಬೇರೆ ಬೇರೆ ತೊಂದರೆ ಅಲ್ಲ. ಒಂದೇ ಉಪ್ಪಿನ ಎರಡು ವೇಷ.

ಇದರಿಂದ ಇನ್ನೊಂದು ಮಾತು ಬರುತ್ತದೆ. ನೀರಿನ ದಾರಿ ಮುಚ್ಚಿದ ಮೇಲೂ ಹಳೆಯ ಉಪ್ಪು ಗೋಡೆಯಲ್ಲೇ ಇದ್ದರೆ, ಮಳೆಗಾಲದಲ್ಲಿ ಅದು ಗಾಳಿಯಿಂದಲೇ ಒದ್ದೆಯಾಗುತ್ತದೆ. ಅದಕ್ಕೇ ಕೆಲಸ ಎರಡು: ನೀರನ್ನು ನಿಲ್ಲಿಸಬೇಕು, ಉಪ್ಪನ್ನೂ ಹೊರಗೆ ತೆಗೆಯಬೇಕು. ಒಂದನ್ನು ಬಿಟ್ಟು ಇನ್ನೊಂದು ಮಾಡಿದರೆ ಪ್ರಯೋಜನ ಇಲ್ಲ.

ನೀರಿನ ದಾರಿ ಹುಡುಕಿದ್ದು

ಹುಡಿ ಬಂದ ಜಾಗದ ಆಕಾರವೇ ಅರ್ಧ ಉತ್ತರ ಹೇಳುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಉದ್ದಕ್ಕೆ ಪಟ್ಟಿಯ ಹಾಗೆ ಇದ್ದರೆ ನೀರು ಬುಡದಿಂದ ಏರುತ್ತಿದೆ. ಬಚ್ಚಲಿನ ಹಿಂದಿನ ಗೋಡೆಯಲ್ಲಿ ಒಂದೇ ಕಡೆ ದುಂಡಗೆ ಇದ್ದರೆ ಪೈಪು. ಕಿಟಕಿಯ ಕೆಳಗೆ ಮಾತ್ರ ಇದ್ದರೆ ಕಿಟಕಿಯ ಹಲಗೆಯ ಬಿರುಕು. ಮೇಲಿಂದ ಇಳಿದಿದ್ದರೆ ತಾರಸಿ.

ಅಕ್ಕನ ಮನೆಯಲ್ಲಿ ಪಟ್ಟಿ ನೇರ ಇತ್ತು, ಪಶ್ಚಿಮದ ಗೋಡೆಗೆ ಮಾತ್ರ ಇತ್ತು. ಅದೇ ಹಾಲ್‌ನ ಇನ್ನೊಂದು ಗೋಡೆಯ ಹಿಂದೆ ಬಚ್ಚಲು ಉಂಟು. ಭಾವನಿಗೆ ಅದರ ಮೇಲೆಯೇ ಅನುಮಾನ, ಟೈಲ್ಸ್ ಒಡೆಸಲು ಜನ ಕೂಡ ಹೇಳಿದ್ದರು. ಆದರೆ ಆ ಗೋಡೆ ಪೂರ್ತಿ ಚಂದ ಇತ್ತು, ಹುಡಿ ಮೂಲೆಯಲ್ಲಿ ನಿಂತುಹೋಗಿತ್ತು. "ಭಾವ, ಟೈಲ್ಸ್ ಮುಟ್ಟಬೇಡಿ, ಮೂರು ದಿನ ತಡೀರಿ" ಅಂದೆ.

ಗೋಡೆಯನ್ನು ಬ್ರಷ್‌ನಿಂದ ಚೊಕ್ಕ ಮಾಡಿ, ಒಂದು ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಗಲ ಟೇಪ್‌ನಿಂದ ನಾಲ್ಕು ಬದಿಗೂ ಅಂಟಿಸಿದೆ. ಒಂದು ನೆಲದಿಂದ ಒಂದು ಅಡಿ ಮೇಲೆ, ಇನ್ನೊಂದು ಐದು ಅಡಿ ಮೇಲೆ, ಮೂರನೆಯದು ಬಚ್ಚಲಿನ ಗೋಡೆಯಲ್ಲಿ. ಎರಡು ದಿನ ಬಿಟ್ಟು ನೋಡಿದಾಗ ಕೆಳಗಿನ ಹಾಳೆಯ ಒಳಬದಿಯಲ್ಲಿ ಬೆವರಿನ ಹನಿಗಳಿದ್ದವು. ಉಳಿದೆರಡೂ ಒಣ. ಹನಿ ಒಳಬದಿಯಲ್ಲಿದ್ದರೆ ನೀರು ಗೋಡೆಯಿಂದ ಬಂದದ್ದು. ಹೊರಬದಿಯಲ್ಲಿದ್ದರೆ ಕೋಣೆಯ ಗಾಳಿಯಿಂದ ಕೂತದ್ದು. ಮಳೆಗಾಲದ ನಡುವೆ ಈ ಪರೀಕ್ಷೆ ಮಾಡಬೇಡಿ, ಆಗ ಉತ್ತರ ಸ್ಪಷ್ಟ ಸಿಗುವುದಿಲ್ಲ.

ಮತ್ತೆ ಅಳತೆ ಟೇಪ್ ಹಿಡಿದು ಹೊರಗೆ ಹೋದೆ. ಇದು ಬಹಳ ಸುಲಭದ ಅಳತೆ, ಯಾರೂ ಮಾಡಬಹುದು. ಕಿಟಕಿಯ ಹಲಗೆಯಿಂದ ಒಳಗಿನ ನೆಲಕ್ಕೆ 3 ಅಡಿ. ಅದೇ ಹಲಗೆಯಿಂದ ಹೊರಗಿನ ಅಂಗಳಕ್ಕೆ 3 ಅಡಿ 4 ಇಂಚು. ಅಂದರೆ ಅಂಗಳ ಒಳಗಿನ ನೆಲಕ್ಕಿಂತ ಬರೀ ನಾಲ್ಕು ಇಂಚು ಕೆಳಗೆ! ಮನೆ ಕಟ್ಟುವಾಗ ಪಂಚಾಂಗ, ಅಂದರೆ ಅಡಿಪಾಯದ ಕಟ್ಟೆ, ಅಂಗಳದಿಂದ ಒಂದೂವರೆ ಅಡಿ ಎತ್ತರಿಸಿ ಕಟ್ಟಿದ್ದು ನನಗೆ ನೆನಪಿದೆ.

ಆದದ್ದು ಇಷ್ಟು. ಮುಂದಿನ ರಸ್ತೆಗೆ ಡಾಮರಿನ ಮೇಲೆ ಡಾಮರು ಬಿದ್ದು ರಸ್ತೆ ಮೇಲೆ ಬಂತು. ಅಂಗಳದಲ್ಲಿ ನೀರು ನಿಲ್ಲತೊಡಗಿತು. ಭಾವ ಮಣ್ಣು ತುಂಬಿಸಿ, ಜಲ್ಲಿ ಹುಡಿ ಹಾಕಿಸಿ, ಇಂಟರ್‌ಲಾಕ್ ಹಾಸಿದರು. ಅಂಗಳ 14 ಇಂಚು ಏರಿತು. ಪಂಚಾಂಗದ ಮೇಲಿನ ಕಾಂಕ್ರೀಟ್ ಬೆಲ್ಟ್ ಇಷ್ಟು ವರ್ಷ ನೆಲದ ನೀರು ಗೋಡೆಗೆ ಏರದ ಹಾಗೆ ತಡೆದು ನಿಂತಿತ್ತು. ಈಗ ಮಣ್ಣು ಬೆಲ್ಟಿನ ಹತ್ತಿರವೇ ಬಂತು. ಹೊರಗಿನ ಸಾರಣೆ ಬೆಲ್ಟನ್ನು ದಾಟಿ ಕೆಳಗಿನವರೆಗೂ ಇತ್ತು, ಅದೇ ನೀರಿಗೆ ಏಣಿಯಾಯಿತು. ಅದರ ಮೇಲೆ ಮಾಡಿನ ನೀರು ಇಂಟರ್‌ಲಾಕ್ ಮೇಲೆ ಬಿದ್ದು ಒಂದು ಅಡಿ ಮೇಲಕ್ಕೆ ಚಿಮ್ಮುತ್ತಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಅದೇನು ಸಣ್ಣ ನೀರಲ್ಲ. ಹಿಂದಿನವರು ಮಳೆಗಾಲಕ್ಕೆ ಮೊದಲು ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಗಾಳಿಮಳೆಯ ಇರಚಲಿಗೂ ಹೌದು, ಈ ಚಿಮ್ಮುವ ನೀರಿಗೂ ಹೌದು.

ಹೊರಗಿನ ಕೆಲಸ ಮೊದಲು

ಗೋಡೆಯ ಉದ್ದಕ್ಕೂ ಒಂದೂವರೆ ಅಡಿ ಅಗಲಕ್ಕೆ ಇಂಟರ್‌ಲಾಕ್ ಎಬ್ಬಿಸಿದೆವು. ಹಳೆಯ ಅಂಗಳದ ಮಟ್ಟದವರೆಗೆ ಅಗೆದು, ಬುಡದಲ್ಲಿ ತೂತಿನ ಪೈಪು ಮಲಗಿಸಿ, ತೋಡಿನ ಕಡೆಗೆ ಇಳಿಜಾರು ಕೊಟ್ಟು, ಮೇಲೆ ಆರು ಇಂಚು ದಪ್ಪಕ್ಕೆ 20 ಮಿ.ಮೀ. ಜಲ್ಲಿ ಹಾಕಿದೆವು. ಬೆಲ್ಟಿನ ಕೆಳಗಿನ ಸಾರಣೆಯನ್ನು ಪೂರ್ತಿ ತೆಗೆದು ಕಲ್ಲನ್ನು ಬಿಚ್ಚಿಟ್ಟೆವು. ಮಾಡಿನ ಅಂಚಿಗೆ ಮಳೆನೀರು ಹಿಡಿಯುವ ದಂಬೆ ಕೂರಿಸಿದೆವು. ಮೇಸ್ತ್ರಿಗೆ ಐದು ದಿನದ ಕೆಲಸ.

ಬಣ್ಣದವರು ಮಾತ್ರ ಬೇರೆ ಹೇಳಿದ್ದರು, "ಅಕ್ಕ, ಒಳಗೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಕೈ ಹೊಡೆದ್ರೆ ಮುಗೀತು" ಅಂತ. ಮುಗಿಯುವುದಿಲ್ಲ. ಒಳಮುಖ ಮುಚ್ಚಿದರೆ ನೀರು ಇನ್ನೂ ಮೇಲಕ್ಕೆ ಏರಿ, ಕೋಟಿಂಗ್ ಮುಗಿದ ಜಾಗದಲ್ಲಿ ಹೊರಗೆ ಬರುತ್ತದೆ. ಇಲ್ಲವಾದರೆ ಕೋಟಿಂಗಿನ ಹಿಂದೆ ಉಪ್ಪು ಕಟ್ಟಿ ಗಾರೆಯನ್ನೇ ಕಿತ್ತು ತೆಗೆಯುತ್ತದೆ.

ಉಪ್ಪನ್ನು ಹೊರಗೆ ತೆಗೆದದ್ದು

ಪಟ್ಟಿಯ ಗೆರೆಗಿಂತ ಒಂದು ಅಡಿ ಮೇಲಿನವರೆಗೆ, ಅಂದರೆ ನೆಲದಿಂದ ಮೂರೂವರೆ ಅಡಿ, ಬಣ್ಣ ಮತ್ತು ಪುಟ್ಟಿ ಎರಡನ್ನೂ ಕೆರೆದು ಬರೀ ಗಾರೆ ಕಾಣುವ ಹಾಗೆ ಮಾಡಿಸಿದೆ. ಹಳೆಯ ಬಣ್ಣ ಕೆರೆಯುವಾಗ ಮೂಗಿಗೆ ಮಾಸ್ಕ್ ಇರಲಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಆಮೇಲೆ ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಮೆಲ್ಲ ಬಡಿದು ನೋಡಿದೆ. ಕಿಟಕಿಯ ಕೆಳಗೆ ಎರಡು ಚದರ ಅಡಿಯಷ್ಟು ಜಾಗ ಟೊಳ್ಳು ಸದ್ದು ಕೊಟ್ಟಿತು. ಅಷ್ಟು ಗಾರೆಯನ್ನು ಕಲ್ಲಿನವರೆಗೆ ಕಿತ್ತೆವು. ಉಳಿದದ್ದು ಗಟ್ಟಿ ಇತ್ತು.

ಇಲ್ಲಿಂದ ಮುಂದೆ ಒಂದೇ ನಿಯಮ: ಒಣ ಬ್ರಷ್, ನೀರಿಲ್ಲ. ಏಪ್ರಿಲ್‌ನಲ್ಲಿ ಬಣ್ಣದವರು ಹುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ನೋಡಲು ಚೊಕ್ಕ ಆಗುತ್ತದೆ, ಆದರೆ ಉಪ್ಪು ಕರಗಿ ಪುನಃ ಗಾರೆಯೊಳಗೆ ಹೋಗುತ್ತದೆ. ತಂತಿಯ ಬ್ರಷ್ ಕೂಡ ಬೇಡ, ಅದರ ಚೂರು ಗಾರೆಯಲ್ಲಿ ಸಿಕ್ಕಿ ತುಕ್ಕಿನ ಕಲೆ ಬಿಡುತ್ತದೆ. ನೈಲಾನ್ ಅಥವಾ ನಾರಿನ ಬ್ರಷ್ ಸಾಕು. ಗೋಡೆಯ ಬುಡಕ್ಕೆ ಪತ್ರಿಕೆ ಹಾಸಿ, ಮೇಲಿಂದ ಕೆಳಗೆ ಉಜ್ಜಿ, ಹುಡಿಯನ್ನು ಮಡಚಿ ಕಸಕ್ಕೆ ಹಾಕಬೇಕು. ಹಿಡಿಸೂಡಿಯಲ್ಲಿ ಅಂಗಳಕ್ಕೆ ಗುಡಿಸಿದರೆ ಅದೇ ಉಪ್ಪು ಮಳೆಗೆ ಕರಗಿ ಬುಡ ಸೇರುತ್ತದೆ.

ಅಕ್ಕ ಪ್ರತಿ ಭಾನುವಾರ ಉಜ್ಜಿದಳು. ಎಷ್ಟು ಬಂತು ಅಂತ ನೋಡಲು ಹುಡಿಯನ್ನು ಸ್ಟೀಲಿನ ಚಾ ಲೋಟಕ್ಕೆ ತುಂಬಿಸಲು ಹೇಳಿದ್ದೆ. ಮೊದಲ ವಾರ ಲೋಟ ತುಂಬಿ ಚೆಲ್ಲಿತು. ಎರಡನೇ ವಾರ ಇನ್ನೂ ಜಾಸ್ತಿ ಬಂತು. ಅಕ್ಕನಿಗೆ ಗಾಬರಿ. ಅದು ಒಳ್ಳೆಯ ಲಕ್ಷಣ, ಬಣ್ಣ ತೆಗೆದದ್ದರಿಂದ ಗೋಡೆ ಉಸಿರಾಡಿ ಒಣಗುತ್ತಿದೆ, ಒಣಗಿದಷ್ಟೂ ಉಪ್ಪು ಹೊರಗೆ ಬರುತ್ತಿದೆ. ನಾಲ್ಕನೇ ವಾರ ಅರ್ಧ ಲೋಟ, ಆರನೇ ವಾರ ಎರಡು ಚಮಚ.

ಜನವರಿಯಲ್ಲಿ ಕಾಗದದ ಮುದ್ದೆ ಹಚ್ಚಿದೆವು. ಬ್ರಷ್ ತೆಗೆಯುವುದು ಮೇಲಿನ ಉಪ್ಪನ್ನು ಮಾತ್ರ, ಗಾರೆಯ ಒಳಗಿನದ್ದನ್ನು ಈ ಮುದ್ದೆ ಎಳೆಯುತ್ತದೆ. ಬಣ್ಣದ ಚಿತ್ರವಿಲ್ಲದ ಹಳೆಯ ಪತ್ರಿಕೆಯನ್ನು ಹರಿದು ರಾತ್ರಿ ಇಡೀ ನೆನೆಸಿ, ಬೆಳಿಗ್ಗೆ ಒರಳಿನಲ್ಲೋ ಕೈಯಲ್ಲೋ ಹಿಸುಕಿ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಮಾಡಬೇಕು. ನೀರು ಉಪ್ಪಿಲ್ಲದ್ದು ಇರಲಿ. ನಾವು ಕುಡಿಯುವ ಕ್ಯಾನ್ ನೀರು ಬಳಸಿದೆವು. ಗೋಡೆಗೆ ಸ್ವಲ್ಪ ನೀರು ಸಿಂಪಡಿಸಿ, ಮುದ್ದೆಯನ್ನು ಒಂದು ಬೆರಳು ದಪ್ಪಕ್ಕೆ ಒತ್ತಿ ಅಂಟಿಸಬೇಕು. ನಡುವೆ ಗಾಳಿ ಉಳಿಯಬಾರದು. ಸಿಂಪಡಿಸಿದ ನೀರು ಒಳಗೆ ಹೋಗಿ ಉಪ್ಪನ್ನು ಕರಗಿಸುತ್ತದೆ. ಮುದ್ದೆ ಹೊರಗಿನಿಂದ ಆರುವಾಗ ಆ ನೀರನ್ನು ತನ್ನ ಕಡೆಗೆ ಎಳೆಯುತ್ತದೆ, ಉಪ್ಪು ಮುದ್ದೆಯಲ್ಲಿ ಉಳಿಯುತ್ತದೆ. ಪೂರ್ತಿ ಒಣಗುವವರೆಗೆ ಬಿಡಬೇಕು. ನಮಗೆ ಎಂಟು ದಿನ ಹಿಡಿಯಿತು. ಅರ್ಧ ಒದ್ದೆ ಇರುವಾಗ ಕಿತ್ತರೆ ಉಪ್ಪು ಅರ್ಧ ದಾರಿಯಲ್ಲೇ ನಿಂತುಹೋಗುತ್ತದೆ.

ಕಿತ್ತ ಮುದ್ದೆಯ ಒಂದು ಹಿಡಿಯನ್ನು ಒಂದು ಲೋಟ ಕ್ಯಾನ್ ನೀರಿನಲ್ಲಿ ನೆನೆಸಿ, ಆ ನೀರಿನ ಒಂದು ಚಮಚವನ್ನು ಕಪ್ಪು ಕಾವಲಿಯ ಮೇಲೆ ಇಂಗಿಸಿದೆ. ದಪ್ಪ ಬಿಳಿ ಉಂಗುರ ಕೂತಿತು. ಪಕ್ಕದಲ್ಲಿ ಬರೀ ಕ್ಯಾನ್ ನೀರು ಒಂದು ಚಮಚ, ಅದರಲ್ಲಿ ಕಾಣುವಂಥದ್ದು ಏನೂ ಇಲ್ಲ. ಎರಡನೇ ಸಲ ಮುದ್ದೆ ಹಚ್ಚಿ ತೆಗೆದಾಗ ಉಂಗುರ ತೆಳ್ಳಗಾಗಿತ್ತು. ಅಲ್ಲಿಗೆ ಸಾಕು ಮಾಡಿದೆವು. ನೀರಿನ ದಾರಿ ಮುಚ್ಚದೆ ಈ ಮುದ್ದೆ ಹಚ್ಚಿದರೆ ಮಾತ್ರ ಪೂರ್ತಿ ದಂಡ, ಎಳೆದಷ್ಟೂ ಹೊಸ ಉಪ್ಪು ಬರುತ್ತದೆ.

ಕೆಲವರು ಆಸಿಡ್ ಹಾಕಿ ತೊಳೆಯುತ್ತಾರೆ. ಮನೆಯೊಳಗಿನ ಗಾರೆಗೆ ಇದನ್ನು ದಯವಿಟ್ಟು ಮಾಡಬೇಡಿ. ಅಂಗಡಿಯಲ್ಲಿ ಸಿಗುವ ಆಸಿಡ್ ಸಿಮೆಂಟಿನ ಸುಣ್ಣದ ಜೊತೆ ಸೇರಿ ಇನ್ನೊಂದು ಬಗೆಯ ಉಪ್ಪು ಮಾಡುತ್ತದೆ. ಅದು ಗಾಳಿಯ ನೀರನ್ನು ಅಡುಗೆ ಉಪ್ಪಿಗಿಂತಲೂ ಬೇಗ ಎಳೆಯುತ್ತದೆ.

ಬಣ್ಣಕ್ಕೆ ಮೊದಲು

ಗೋಡೆ ಒಣಗಲು ಒಂದು ಇಂಚು ದಪ್ಪಕ್ಕೆ ಹೆಚ್ಚು ಕಡಿಮೆ ಒಂದು ತಿಂಗಳು ಅಂತ ಕೆಲಸದವರ ಲೆಕ್ಕ. ಎಂಟು ಇಂಚಿನ ಮುರಕಲ್ಲು ಎರಡೂ ಬದಿಯಿಂದ ಒಣಗಿದರೂ ನಾಲ್ಕು ತಿಂಗಳು ಬೇಕು. ನಮ್ಮಲ್ಲಿ ಒಣ ಗಾಳಿ ಸಿಗುವುದೇ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ದೀಪಾವಳಿಗೆ ಕೆರೆದು ದೀಪಾವಳಿಗೇ ಬಣ್ಣ ಹೊಡೆಯುವ ಗೋಡೆ ಇದಲ್ಲ.

ಕಿತ್ತ ಜಾಗಕ್ಕೆ ಫೆಬ್ರವರಿಯಲ್ಲಿ ಸಿಮೆಂಟ್ ಒಂದು, ಸುಣ್ಣ ಒಂದು, ಹೊಯಿಗೆ ಆರು ಪಾಲಿನ ಗಾರೆ ಹಾಕಿಸಿದೆ. ಹೊಯಿಗೆಯನ್ನೂ ಕಾವಲಿಯಲ್ಲೇ ಪರೀಕ್ಷೆ ಮಾಡಿದೆ, ಕ್ಯಾನ್ ನೀರಿನಲ್ಲಿ ಕುಲುಕಿ, ತಿಳಿ ನೀರನ್ನು ಇಂಗಿಸಿ. ಮೊದಲು ತಂದ ಹೊಯಿಗೆ ಬಿಳಿ ಉಂಗುರ ಬಿಟ್ಟಿತು, ಮೂರು ನೀರಿನಲ್ಲಿ ತೊಳೆಸಿದ ಮೇಲೆ ಬಳಸಿದೆ. ಗೋಡೆಯ ಈ ಭಾಗಕ್ಕೆ ಪಿಒಪಿ ಅಥವಾ ಜಿಪ್ಸಮ್ ಪುಟ್ಟಿ ಹಾಕಲು ಬಿಡಬೇಡಿ. ಜಿಪ್ಸಮ್ ತೇವಕ್ಕೆ ಮೆತ್ತಗಾಗುತ್ತದೆ, ತಾನೇ ಉಪ್ಪಾಗಿ ಏಳುತ್ತದೆ.

ಮಾರ್ಚ್ ಎರಡನೇ ವಾರ ಪ್ಲಾಸ್ಟಿಕ್ ಹಾಳೆಯನ್ನು ಪುನಃ ಅಂಟಿಸಿದೆ. ಎರಡು ದಿನ ಕಳೆದರೂ ಒಳಬದಿ ಒಣ. ಅದಕ್ಕೂ ಮೊದಲು ಮೂರು ವಾರ ಬ್ರಷ್‌ಗೆ ಏನೂ ಬಂದಿರಲಿಲ್ಲ. ಈ ಎರಡೂ ಒಟ್ಟಿಗೆ ಸಿಕ್ಕಿದ ಮೇಲೆಯೇ ಬಣ್ಣಕ್ಕೆ ಒಪ್ಪಿದೆ.

ಬಣ್ಣ ಅಂದರೆ ಸುಣ್ಣ. ಅಕ್ಕನಿಗೆ ಮೊದಲು ಮನಸ್ಸಿರಲಿಲ್ಲ, ಎಮಲ್ಷನ್‌ನ ಹೊಳಪು ಸುಣ್ಣಕ್ಕೆ ಬರುವುದಿಲ್ಲ, ಮೊದಲ ದಿನಗಳಲ್ಲಿ ಕೈಗೂ ಹತ್ತುತ್ತದೆ. ಆದರೆ ಸುಣ್ಣದ ಮೂಲಕ ಗೋಡೆಯ ತೇವ ಆರಿ ಹೋಗುತ್ತದೆ. ಉಳಿದ ಸ್ವಲ್ಪ ಉಪ್ಪು ಬಂದರೂ ಗುಳ್ಳೆ ಏಳುವುದಿಲ್ಲ, ಬ್ರಷ್ ಮಾಡಿದರೆ ಆಯಿತು. ಚಿಪ್ಪಿ ಸುಣ್ಣವನ್ನು ನೆನೆಸಿ, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮೂರು ಕೈ ಬಳಿಸಿದೆವು. ಕೈಗೆ ಹತ್ತದಿರಲಿ ಅಂತ ಸುಣ್ಣಕ್ಕೆ ಒಂದು ಮುಷ್ಟಿ ಉಪ್ಪು ಹಾಕುವ ರೂಢಿ ಕೆಲವರಿಗೆ ಉಂಟು. ಈ ಗೋಡೆಗೆ ಅದು ಖಂಡಿತ ಬೇಡ. ಸುಣ್ಣ ಹಳೆಯ ಎಮಲ್ಷನ್ ಪದರದ ಮೇಲೆ ಹಿಡಿಯುವುದಿಲ್ಲ, ಆದ್ದರಿಂದ ಮೂರೂವರೆ ಅಡಿಯ ಗೆರೆಗೆ ಒಂದು ಮರದ ಪಟ್ಟಿ ಹೊಡೆಸಿ ಮೇಲೆ ಹಳೆಯ ಬಣ್ಣವನ್ನೇ ಉಳಿಸಿಕೊಂಡೆವು.

ಈ ದಾರಿ ಎಲ್ಲಿ ನಡೆಯುವುದಿಲ್ಲ

ಹೊಸ ಮನೆಯಲ್ಲಿ ಮೊದಲ ವರ್ಷ ಹುಡಿ ಬಂದರೆ ಇಷ್ಟೆಲ್ಲ ಬೇಡ. ಅದು ಕಟ್ಟುವಾಗ ಹಾಕಿದ ನೀರು ಹೊರಗೆ ಹೋಗುತ್ತಿರುವುದು. ಒಣ ಬ್ರಷ್ ಮಾಡುತ್ತಾ ಇರಿ, ದುಬಾರಿ ಬಣ್ಣವನ್ನು ಒಂದು ಮಳೆಗಾಲ ಮುಂದೆ ಹಾಕಿ. ಬೆಲ್ಟೇ ಇಲ್ಲದ ಹಳೆಯ ಮನೆಯಲ್ಲಿ ನೆಲದ ನೀರನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಅಲ್ಲಿ ಅಂಗಳ ತಗ್ಗಿಸಿ, ಸುಣ್ಣದ ಗಾರೆ ಇಟ್ಟು, ವರ್ಷಕ್ಕೊಮ್ಮೆ ಉಜ್ಜಿ ಸುಣ್ಣ ಬಳಿಯುವುದೇ ಸರಿ. ಆದರೆ ಹುಡಿ ಕಾಂಕ್ರೀಟ್ ಕಂಬ ಅಥವಾ ಬೀಮಿನ ಮೇಲೆ ಬಂದು, ಜೊತೆಗೆ ಕಂದು ಗೆರೆಯೋ ಉದ್ದ ಬಿರುಕೋ ಇದ್ದರೆ ಬ್ರಷ್ ಕೆಳಗಿಡಿ. ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿದೆ. ಬಣ್ಣದವರಿಗೆ ಅಲ್ಲ, ಎಂಜಿನಿಯರಿಗೆ ಫೋನ್ ಮಾಡಿ.

ಅಕ್ಕನ ಗೋಡೆ ಅದರ ನಂತರದ ಮಳೆಗಾಲ ದಾಟಿತು. ಡಿಸೆಂಬರಿನಲ್ಲಿ ಉತ್ತರದ ಮೂಲೆಯಲ್ಲಿ ಮಾತ್ರ ಅಂಗೈಯಗಲ ಹುಡಿ ಕಂಡಿತು. ಹೊರಗೆ ಹೋಗಿ ನೋಡಿದರೆ ನೇರ ಅದರ ಮೇಲೆ ದಂಬೆಯ ಜೋಡಣೆ ಬಿಟ್ಟಿತ್ತು, ಗೋಡೆಯ ಮೇಲೆ ನೀರಿಳಿದ ಹಸಿರು ಪಾಚಿಯ ಗೆರೆ ಇತ್ತು. ಭಾವ ಏಣಿ ಹತ್ತಿ ಜೋಡಣೆಯನ್ನು ಸರಿ ಮಾಡಿದರು. ಅಕ್ಕ ಮೂರು ಭಾನುವಾರ ಉಜ್ಜಿದಳು, ಲೋಟದ ತಳವೂ ಮುಚ್ಚಲಿಲ್ಲ. ಫೆಬ್ರವರಿಯಲ್ಲಿ ಅಷ್ಟೇ ಜಾಗಕ್ಕೆ ಒಂದು ಕೈ ಸುಣ್ಣ ಬಳಿದಳು.